ರೋಲ್ ಸಾಕಾ, ಆಟ್ರಿಬ್ಯೂಟ್ ಬೇಕಾ? ಒಂದು ಕಾಟಾ ಚೀಟಿ ಹಿಡಿದು ಹೋಲಿಕೆ

ರಾತ್ರಿ 2:40ಕ್ಕೆ ಒಂದು ಕಾಟಾ ಚೀಟಿ ತಿದ್ದಲಾಗಿತ್ತು. ತುಂಬಿದ ಲಾರಿ 26,480 ಕೆಜಿ, ಖಾಲಿ ಲಾರಿ 9,860, ಅಂದರೆ ಒಳಗಿದ್ದ ತೊಗರಿ 16,620 ಕೆಜಿ. ತಿದ್ದಿದ ಮೇಲೆ ಖಾಲಿ ಲಾರಿ 9,680 ಆಗಿದೆ, ತೊಗರಿ 16,800. ಎರಡು ಅಂಕಿ ಅದಲು ಬದಲು, ಅಷ್ಟೇ. ಆದರೆ 180 ಕೆಜಿ ಜಾಸ್ತಿ. ಕ್ವಿಂಟಲ್‌ಗೆ 7,000 ರೂಪಾಯಿ ಅಂತ ಹಿಡಿದರೂ 12,600 ರೂಪಾಯಿ ಮಿಲ್ಲಿನ ಕೈಯಿಂದ ಹೋಯಿತು.

ಇದು ಕಲಬುರಗಿಯ ಒಂದು ದಾಲ್ ಮಿಲ್, ಅಲ್ಲಿನ ಸಾಫ್ಟ್‌ವೇರ್ ಬರೆದವನು ನಾನೇ. ಹಾಗಾಗಿ ಬೈಗುಳವೂ ನನಗೇ ಬಂತು. ಚೀಟಿ ತಿದ್ದಿದ ಹುಡುಗನನ್ನು ಕೇಳಿದರೆ "ಸರ, ನಾನೇ ತಪ್ಪು ಬರ್ದೀನಿ ಅನ್ಕೊಂಡು ಸರಿ ಮಾಡೀನ್ರಿ" ಅಂದ. ಸುಳ್ಳು ಅನಿಸಲಿಲ್ಲ. ನನ್ನ ಪ್ರಶ್ನೆ ಬೇರೆ ಇತ್ತು: ರಾತ್ರಿ ಪಾಳಿಯವನಿಗೆ ಚೀಟಿ ತಿದ್ದುವ ಬಟನ್ ಕಂಡಿದ್ದಾದರೂ ಹೇಗೆ? ರಾತ್ರಿ ಹೊಸ ಚೀಟಿ ಮಾಡಬಹುದು, ಹಳೆಯದನ್ನು ಮುಟ್ಟುವಂತಿಲ್ಲ ಅಂತ ನಿಯಮ ಇತ್ತಲ್ಲ.

ನೋಡಿದರೆ ಅವನಿಗೆ ನಾಲ್ಕು ರೋಲ್ ಇದ್ದವು. ಮೊದಲು ಕಲಬುರಗಿಯಲ್ಲಿ ಹಗಲು ಪಾಳಿ, ಆಮೇಲೆ ಆಳಂದದ ಖರೀದಿ ಕೇಂದ್ರದಲ್ಲಿ ಎರಡೂ ಪಾಳಿ, ಈಗ ವಾಪಸ್ ಕಲಬುರಗಿಯಲ್ಲಿ ರಾತ್ರಿ. ಪ್ರತಿ ಸಲ ಹೊಸ ರೋಲ್ ಕೊಟ್ಟಿದ್ದಾರೆ, ಹಳೆಯದನ್ನು ಯಾರೂ ತೆಗೆದಿಲ್ಲ. ಯಾಕೆ ತೆಗೆಯುತ್ತಾರೆ ಹೇಳಿ? ರೋಲ್ ಕೊಡದಿದ್ದರೆ ಕೆಲಸ ನಿಲ್ಲುತ್ತದೆ, ಫೋನ್ ಬರುತ್ತದೆ. ತೆಗೆಯದಿದ್ದರೆ ಯಾವ ಫೋನೂ ಬರುವುದಿಲ್ಲ.

ಯಾರು ಏನು ಮಾಡಬಹುದು ಅಂತ ಸಾಫ್ಟ್‌ವೇರ್ ತೀರ್ಮಾನಿಸುವ ಪದ್ಧತಿ ಎರಡು, ರೋಲ್ ಮತ್ತು ಆಟ್ರಿಬ್ಯೂಟ್. ಇಲ್ಲಿಂದಲೇ ಅವುಗಳ ಹೋಲಿಕೆ ಶುರು ಮಾಡೋಣ.

ಎರಡರ ವ್ಯತ್ಯಾಸ, ಚಿಕ್ಕದಾಗಿ

ರೋಲ್ ಅಂದರೆ ಮೊದಲೇ ಮಾಡಿಟ್ಟ ಬೀಗದ ಕೈ ಗೊಂಚಲು. "ಕಾಟಾದವರು" ಅನ್ನೋ ಗೊಂಚಲಿನಲ್ಲಿ ಇಂತಿಷ್ಟು ಅನುಮತಿ, ಅದನ್ನು ಯಾರಿಗೆ ಕೊಡುತ್ತೀರೋ ಅವರು ಅಷ್ಟೂ ಮಾಡಬಹುದು. ಈ ವಿಚಾರವನ್ನು ಫೆರಾಯಿಯೋಲೊ ಮತ್ತು ಕುನ್ ಅನ್ನೋ ಇಬ್ಬರು 1992ರಲ್ಲೇ ಒಂದು ಪ್ರಬಂಧವಾಗಿ ಬರೆದಿದ್ದರು, ಇವತ್ತಿಗೂ ಹೆಚ್ಚಿನ ಸಾಫ್ಟ್‌ವೇರ್ ನಡೆಯುವುದು ಅದರ ಮೇಲೆಯೇ. ಆಟ್ರಿಬ್ಯೂಟ್ ಪದ್ಧತಿಯಲ್ಲಿ ಗೊಂಚಲು ಇರುವುದಿಲ್ಲ, ಬಾಗಿಲಲ್ಲಿ ಒಬ್ಬ ಕಾವಲುಗಾರ ನಿಂತಿರುತ್ತಾನೆ. ಪ್ರತಿ ಸಲ ಕೇಳುತ್ತಾನೆ: ನೀನು ಯಾವ ವಿಭಾಗದವನು, ಮುಟ್ಟೋಕೆ ಹೊರಟ ಚೀಟಿ ಯಾವ ಶಾಖೆಯದು, ಈಗ ಗಂಟೆ ಎಷ್ಟು? ಉತ್ತರ ನೋಡಿ ಆ ಕ್ಷಣಕ್ಕೆ ಹೌದು ಅಥವಾ ಇಲ್ಲ ಅನ್ನುತ್ತಾನೆ. ಇದಕ್ಕೆ ಅಮೆರಿಕದ ಎನ್‌ಐಎಸ್‌ಟಿ ಸಂಸ್ಥೆ 2014ರಲ್ಲಿ ಒಂದು ಮಾರ್ಗದರ್ಶಿಯನ್ನೇ ಹೊರತಂದಿದೆ. ಪುಸ್ತಕದ ಮಾತು ಇಷ್ಟು ಸಾಕು.

ಹೊಸದು ಬಂದಿದೆ ಅಂದ ಮಾತ್ರಕ್ಕೆ ಅದೇ ಒಳ್ಳೆಯದು ಅಂದುಕೊಳ್ಳಬೇಡಿ. ಹತ್ತಾರು ಸರ್ವರ್‌ಗಳ ಮೇಲೆ ಆ್ಯಪ್‌ಗಳನ್ನು ನಡೆಸುವ ಕುಬರ್ನೆಟೀಸ್ ಅನ್ನೋ ಸಾಫ್ಟ್‌ವೇರ್‌ನಲ್ಲಿ ಆಗಿದ್ದು ಉಲ್ಟಾ. ಅಲ್ಲಿ ಮೊದಲು ಆಟ್ರಿಬ್ಯೂಟ್ ಪದ್ಧತಿ ಇತ್ತು, ನಿಯಮ ಬದಲಿಸಬೇಕಾದರೆ ಸರ್ವರ್ ಮೇಲಿನ ಫೈಲ್ ತಿದ್ದಿ ಮತ್ತೆ ಸ್ಟಾರ್ಟ್ ಮಾಡಬೇಕಿತ್ತು. ಆಮೇಲೆ ಬಂದ ರೋಲ್ ಪದ್ಧತಿಯೇ 2017ರ 1.8 ಆವೃತ್ತಿಯಲ್ಲಿ ಗಟ್ಟಿಯಾಯಿತು, ಜನ ಅದಕ್ಕೇ ಹೋದರು.

ರೋಲ್ ಯಾವಾಗ ಕೈ ಕೊಡುತ್ತದೆ

ನಮ್ಮಲ್ಲಿ ಶುರುವಿನಲ್ಲಿ ಆರೇ ರೋಲ್ ಇದ್ದವು: ಕಾಟಾ, ಗೋದಾಮು, ಖರೀದಿ, ಸೂಪರ್‌ವೈಸರ್, ಲೆಕ್ಕಪತ್ರ, ಸಾವ್ಕಾರ್ರು. ಒಂದೇ ಮಿಲ್ ಇದ್ದಾಗ ಅದು ಚೆನ್ನಾಗಿಯೇ ನಡೆಯಿತು. ಆಮೇಲೆ ಆಳಂದ ಬಂತು, ಯಾದಗಿರಿಯ ಗೋದಾಮು ಬಂತು. ಆಳಂದದವರು ಕಲಬುರಗಿಯ ಚೀಟಿ ನೋಡಬಾರದು ಅಂದರು ಸಾವ್ಕಾರ್ರು. ಸರಿ ಅಂತ ಮೊದಲ ನಾಲ್ಕು ರೋಲನ್ನು ಶಾಖೆಗೊಂದರಂತೆ ಒಡೆದೆ, ಹನ್ನೆರಡು ಆಯಿತು. ಜನವರಿಯಲ್ಲಿ ತೊಗರಿ ಆವಕ ಜೋರಾಗಿ ರಾತ್ರಿ ಪಾಳಿ ಶುರುವಾಯಿತು, ಹಗಲು ರಾತ್ರಿ ಅಂತ ಮತ್ತೆ ಒಡೆದೆ, ಇಪ್ಪತ್ನಾಲ್ಕು. ಲೆಕ್ಕಪತ್ರ, ಸಾವ್ಕಾರ್ರು ಸೇರಿ ಇಪ್ಪತ್ತಾರು. ಮಿಲ್ಲಿನಲ್ಲಿ ಲಾಗಿನ್ ಇದ್ದವರು ಮೂವತ್ತೊಂದು ಜನ! ಇಷ್ಟಕ್ಕೆ ರೋಲ್ ಯಾಕೆ, ಒಬ್ಬೊಬ್ಬರ ಹೆಸರಿಗೇ ಅನುಮತಿ ಬರೆದಿದ್ದರೂ ಆಗುತ್ತಿತ್ತು ಅಲ್ವಾ.

ಗುರುತು ಹಿಡಿಯುವುದು ಸುಲಭ. ನಿಮ್ಮ ರೋಲ್‌ಗಳ ಹೆಸರು ಓದಿ. ಅದರಲ್ಲಿ ಊರಿನ ಹೆಸರೋ, ವಿಭಾಗದ ಹೆಸರೋ, "ನೈಟ್" ಅನ್ನೋ ಪದವೋ ಸೇರಿಕೊಂಡಿದ್ದರೆ, ಆಟ್ರಿಬ್ಯೂಟ್ ಆಗಬೇಕಾದದ್ದು ರೋಲಿನ ಹೆಸರಲ್ಲಿ ಬಚ್ಚಿಟ್ಟುಕೊಂಡಿದೆ ಅಂತ ಅರ್ಥ. ನನ್ನದು `kata_night_yadgir` ಅಂತ ಇತ್ತು. ಮೂರು ಮಾತು, ಅದರಲ್ಲಿ ಮೊದಲನೆಯದು ಮಾತ್ರ ನಿಜವಾಗಿ ರೋಲ್. ಉಳಿದೆರಡು ಒಬ್ಬನ ಕೆಲಸವಲ್ಲ, ಅವನು ಎಲ್ಲಿ ಮತ್ತು ಯಾವಾಗ ಇರುತ್ತಾನೆ ಅನ್ನೋ ಸಂಗತಿ.

ನಾನು ಕೊನೆಗೆ ಹಿಡಿದ ದಾರಿ ಇದು: ಏನು ಕೆಲಸ ಅನ್ನುವುದು ರೋಲ್ ಆಗಿಯೇ ಇರಲಿ, ಯಾವ ಶಾಖೆ ಮತ್ತು ಯಾವ ಹೊತ್ತು ಅನ್ನುವುದು ಆಟ್ರಿಬ್ಯೂಟ್ ಆಗಲಿ. ಪೂರ್ತಿ ರೋಲ್ ಬಿಟ್ಟು ಎಲ್ಲವನ್ನೂ ನಿಯಮಕ್ಕೆ ಹಾಕುವವರು ಇದ್ದಾರೆ, ನಮ್ಮಂಥ ಜಾಗಕ್ಕೆ ಅದು ಬೇಡ. ಇಪ್ಪತ್ತಾರು ಮತ್ತೆ ಆರಾಯಿತು. ಚೀಟಿ ತಿದ್ದುವ ನಿಯಮ ಹೀಗೆ ನಿಂತಿತು: ರೋಲ್ ಕಾಟಾ ಆಗಿರಬೇಕು, ಚೀಟಿಯ ಶಾಖೆ ಅವನ ಶಾಖೆಯೇ ಆಗಿರಬೇಕು, ಚೀಟಿಗೆ ಇನ್ನೂ ಬಿಲ್ ಆಗಿರಬಾರದು, ಹೊತ್ತು ಬೆಳಗ್ಗೆ 8ರಿಂದ ರಾತ್ರಿ 8ರೊಳಗೆ ಇರಬೇಕು. ಇದರಲ್ಲಿ ಮೂರನೆಯದನ್ನು ಗಮನಿಸಿ. ಬಿಲ್ ಆಗಿದೆಯೋ ಇಲ್ಲವೋ ಅನ್ನುವುದು ಮನುಷ್ಯನ ಗುಣವಲ್ಲ, ಚೀಟಿಯ ಗುಣ. ಸುಮ್ನೆ ಎಷ್ಟೇ ರೋಲ್ ಮಾಡಿದರೂ ಇದನ್ನು ರೋಲಿನಲ್ಲಿ ಹೇಳೋಕೆ ಬರುವುದೇ ಇಲ್ಲ.

ವಿಭಾಗ ಅಥವಾ ಶಾಖೆಯ ನಿಯಮ ಯಾವಾಗ ಒಪ್ಪುತ್ತದೆ

ಎರಡು ಕಡೆಯೂ ಆ ಮಾಹಿತಿ ಮೊದಲೇ ಇದ್ದರೆ ಒಪ್ಪುತ್ತದೆ. ಸಿಬ್ಬಂದಿ ಪಟ್ಟಿಯಲ್ಲಿ ಶಾಖೆ ಇದೆ, ಚೀಟಿಯಲ್ಲೂ ಶಾಖೆ ಇದೆ, ಎರಡನ್ನೂ ಹೋಲಿಸಿದರೆ ಆಯಿತು. ಹುಡುಗ ಆಳಂದದಿಂದ ಕಲಬುರಗಿಗೆ ಬಂದ ದಿನ ಪಗಾರದ ಪಟ್ಟಿಯಲ್ಲಿ ಅವನ ಶಾಖೆ ಹೇಗೂ ಬದಲಾಗುತ್ತದೆ, ಅದರ ಜೊತೆಗೆ ಅನುಮತಿಯೂ ತಾನೇ ಬದಲಾಗುತ್ತದೆ. ಹಳೆಯದನ್ನು ತೆಗೆಯುವುದು ಮರೆತೆ ಅನ್ನೋ ಮಾತೇ ಇಲ್ಲ, ಯಾಕೆಂದರೆ ಒಂದು ಖಾನೆಯಲ್ಲಿ ಒಂದೇ ಶಾಖೆ ಇರೋದು.

ಆದರೆ ನನ್ನನ್ನು ಮೊದಲ ದಿನವೇ ಕಾಡಿದ್ದು ಊರಿನ ಹೆಸರು. 2014ರ ನವೆಂಬರ್ 1ಕ್ಕೆ ಗುಲ್ಬರ್ಗ ಕಲಬುರಗಿ ಆಯಿತಲ್ಲ, ನಮ್ಮ ಸಿಬ್ಬಂದಿ ಪಟ್ಟಿಗೆ ಅದು ಗೊತ್ತೇ ಇಲ್ಲ. ಅಲ್ಲಿ `Gulbarga`, ಚೀಟಿಯಲ್ಲಿ `Kalaburagi`. ಇನ್ನು ಯಾದಗಿರಿ ಅಂತೂ `Yadgir`, `Yadgiri`, `Yadagiri` ಮೂರು ರೂಪದಲ್ಲಿ ಇತ್ತು. ಮನುಷ್ಯರಿಗೆ ಎಲ್ಲ ಒಂದೇ, ನಿಯಮಕ್ಕೆ ಬೇರೆ ಬೇರೆ. ಹಾಗೇ ಜಾರಿ ಮಾಡಿದ್ದರೆ ಅರ್ಧ ಜನಕ್ಕೆ ಖಾಲಿ ಪರದೆ ಕಾಣುತ್ತಿತ್ತು. ಹೆಸರಿನ ಬದಲು `KLB`, `ALD`, `YDG` ಅಂತ ಮೂರು ಸಂಕೇತ ಮಾಡಿ, ಬೇರೆ ಏನೂ ಟೈಪ್ ಮಾಡೋಕೆ ಆಗದಂತೆ ಪಟ್ಟಿಯಿಂದಲೇ ಆರಿಸುವ ಹಾಗೆ ಮಾಡಿದ ಮೇಲೆ ಸರಿಹೋಯಿತು.

ಇನ್ನೊಂದು ವಿಷಯ ಜನಕ್ಕೆ ತಡವಾಗಿ ಹೊಳೆಯುತ್ತದೆ. ಶಾಖೆ ಅನ್ನೋ ಖಾನೆ ಇಷ್ಟು ದಿನ ಬರೀ ಪಗಾರಕ್ಕೆ ಬೇಕಾದ ಮಾಹಿತಿ ಆಗಿತ್ತು, ಈಗ ಅದೇ ಬೀಗದ ಕೈ. ಆ ಖಾನೆ ತಿದ್ದುವ ಗುಮಾಸ್ತರು ಗೊತ್ತಿಲ್ಲದೇ ಅಡ್ಮಿನ್ ಆಗಿಬಿಟ್ಟರು. ಹಾಗಾಗಿ ಅದನ್ನು ಯಾರು ಬದಲಿಸಿದರು, ಯಾವಾಗ, ಮೊದಲು ಏನಿತ್ತು ಅಂತ ದಾಖಲೆ ಇಡಲೇಬೇಕು. ಹಾಗೇ ಶಾಖೆಯನ್ನು ಲಾಗಿನ್ ಟೋಕನ್ ಒಳಗೆ ಬರೆದಿಟ್ಟರೆ, ಟೋಕನ್ ಮುಗಿಯುವವರೆಗೆ ಹಳೆಯ ಶಾಖೆಯೇ ಚಾಲ್ತಿಯಲ್ಲಿರುತ್ತದೆ. ಹನ್ನೆರಡು ಗಂಟೆಯ ಟೋಕನ್ ಅಂದರೆ ಇಡೀ ಪಾಳಿ.

ಎರಡು ಶಾಖೆ ನೋಡುವವರು ಇದ್ದೇ ಇರುತ್ತಾರೆ. ನಮ್ಮ ಒಬ್ಬ ಸೂಪರ್‌ವೈಸರ್ ವಾರಕ್ಕೆ ಎರಡು ದಿನ ಯಾದಗಿರಿಗೆ ಹೋಗುತ್ತಾರೆ. ಅವರಿಗಾಗಿ ಶಾಖೆಯ ಖಾನೆಯಲ್ಲಿ ಪಟ್ಟಿ ಹಿಡಿಸುವಂತೆ ಮಾಡಬೇಕು, "ಎಲ್ಲ ಶಾಖೆ" ಅಂತ ಹೊಸ ರೋಲ್ ಮಾಡಿದಿರೋ, ಮತ್ತೆ ಹಳೆಯ ಕಥೆಯೇ.

ಹೊತ್ತಿನ ನಿಯಮ ಯಾವಾಗ ಒಪ್ಪುತ್ತದೆ

ಇದರಲ್ಲಿ ನಾನು ಸ್ವಲ್ಪ ಜಿಪುಣ. ಅದೇ ಕೆಲಸ ಹಗಲಿಗಿಂತ ರಾತ್ರಿ ಹೆಚ್ಚು ಅಪಾಯ ಅನ್ನೋದಾದರೆ ಮಾತ್ರ ಹೊತ್ತಿನ ನಿಯಮ ಹಾಕಿ. ಚೀಟಿ ತಿದ್ದುವುದಕ್ಕೆ ಒಪ್ಪುತ್ತದೆ: ಹಗಲು ಪಕ್ಕದಲ್ಲಿ ಸೂಪರ್‌ವೈಸರ್ ಇರುತ್ತಾರೆ, ಲಾರಿ ಇನ್ನೂ ಅಂಗಳದಲ್ಲೇ ಇರುತ್ತದೆ, ಅನುಮಾನ ಬಂದರೆ ಮತ್ತೆ ಕಾಟಾ ಮೇಲೆ ಹತ್ತಿಸಬಹುದು. ರಾತ್ರಿ ನೋಡುವವರೇ ಇಲ್ಲ. ಆದರೆ ಹೊಸ ಚೀಟಿ ಮಾಡುವುದಕ್ಕೆ ಹೊತ್ತಿನ ನಿಯಮ ಹಾಕಿದರೆ ಗೇಟಿನ ಹೊರಗೆ ಲಾರಿ ಸಾಲು ನಿಲ್ಲುತ್ತದೆ, ಹುಡುಗರು ಸೂಪರ್‌ವೈಸರ್ ಪಾಸ್‌ವರ್ಡ್ ಗೋಡೆ ಮೇಲೆ ಬರೆದುಕೊಳ್ಳುತ್ತಾರೆ.

ಹಾಕಿದ ಮೇಲೆ ತಪ್ಪುವ ಜಾಗಗಳು ಇವೆ. ಮೊದಲನೆಯದು ಸರ್ವರ್ ಗಡಿಯಾರ. ನಮ್ಮ ಸರ್ವರ್ ಯುಟಿಸಿಯಲ್ಲಿ ನಡೆಯುತ್ತದೆ, ನಮ್ಮ ಸಮಯಕ್ಕಿಂತ ಐದೂವರೆ ಗಂಟೆ ಹಿಂದೆ. 8ರಿಂದ 20 ಅಂತ ಬರೆದರೆ ಇಲ್ಲಿ ಮಧ್ಯಾಹ್ನ 1:30ಕ್ಕೆ ತೆರೆದು ರಾತ್ರಿ 1:30ಕ್ಕೆ ಮುಚ್ಚುತ್ತದೆ. ಬೆಳಗ್ಗೆ ತೆರೆಯಲಿಲ್ಲ ಅಂತ ಎಂಟೂ ಹತ್ತಕ್ಕೇ ಫೋನ್ ಬರುತ್ತದೆ. ರಾತ್ರಿ ತೆರೆದೇ ಇತ್ತು ಅಂತ ಯಾರೂ ಫೋನ್ ಮಾಡುವುದಿಲ್ಲ. ಅದಕ್ಕೇ ಬೆಳಗಿನ ದೂರು ಸರಿ ಮಾಡುವಾಗ ರಾತ್ರಿಯ ಕಡೆಯನ್ನೂ ನೀವೇ ಪರೀಕ್ಷೆ ಮಾಡಬೇಕು. ಮೊಬೈಲಿನ ಗಡಿಯಾರವನ್ನಂತೂ ನಂಬಲೇಬೇಡಿ, ಅದನ್ನು ಹಿಂದೆ ತಿರುಗಿಸೋಕೆ ಅರ್ಧ ನಿಮಿಷ ಸಾಕು.

ಎರಡನೆಯದು ಮಧ್ಯರಾತ್ರಿ ದಾಟುವ ಪಾಳಿ. `BETWEEN '20:00' AND '08:00'` ಅಂತ ಬರೆದರೆ ಅದು ಯಾವತ್ತೂ ನಿಜ ಆಗುವುದಿಲ್ಲ, ಇಪ್ಪತ್ತಕ್ಕಿಂತ ಜಾಸ್ತಿ ಮತ್ತು ಎಂಟಕ್ಕಿಂತ ಕಡಿಮೆ ಇರೋ ಹೊತ್ತು ಎಲ್ಲಿಂದ ಬರಬೇಕು? ಇಪ್ಪತ್ತು ದಾಟಿರಬೇಕು ಅಥವಾ ಎಂಟರ ಒಳಗಿರಬೇಕು ಅಂತ ಎರಡು ತುಂಡು ಮಾಡಿ ಬರೆಯಬೇಕು.

ಮೂರನೆಯದು 8:03ರ ಸಮಸ್ಯೆ. 7:55ಕ್ಕೆ ಚೀಟಿ ತೆಗೆದು ತಿದ್ದುತ್ತಿದ್ದಾನೆ, ಒಬ್ಬ ಡ್ರೈವರ್ ಬಂದು ಜಗಳ ತೆಗೆದ, ಸೇವ್ ಒತ್ತುವಾಗ 8:03. ಇಲ್ಲ ಅನ್ನುತ್ತದೆ ನಿಯಮ. ಇಂಥದ್ದು ಪದೇ ಪದೇ ಆದರೆ ನಿಮಗೆ ಬೇಕಿರುವುದು ಗಡಿಯಾರವಲ್ಲ, ಹಾಜರಿ. ಸೂಪರ್‌ವೈಸರ್ ಹಾಜರಿದ್ದಾರಾ ಅನ್ನುವುದನ್ನೇ ಆಟ್ರಿಬ್ಯೂಟ್ ಮಾಡಿ. ನಮ್ಮಲ್ಲಿ ಬೆರಳಚ್ಚಿನ ಹಾಜರಿ ಇರುವುದರಿಂದ ಕೊನೆಗೆ ಹಾಗೇ ಮಾಡಿದೆವು: ಆ ಶಾಖೆಯ ಸೂಪರ್‌ವೈಸರ್ ಒಳಗೆ ಬಂದು ಇನ್ನೂ ಹೊರಗೆ ಹೋಗಿಲ್ಲ ಅಂದರೆ ತಿದ್ದುವ ಬಟನ್ ಇರುತ್ತದೆ. ಸುಗ್ಗಿಯಲ್ಲಿ ಅವರು ಹನ್ನೊಂದರವರೆಗೆ ಇದ್ದರೆ ಹನ್ನೊಂದರವರೆಗೂ ನಡೆಯುತ್ತದೆ, ನನಗೆ ಫೋನ್ ಇಲ್ಲ. ಹಾಜರಿ ವ್ಯವಸ್ಥೆ ಇಲ್ಲದ ಕಡೆ ಗಡಿಯಾರವೇ ಗತಿ, ಆಗ ಒಂದು ತುರ್ತು ಬಾಗಿಲು ಇಡಿ: ಕಾರಣ ಬರೆಯಬೇಕು, ಸಾವ್ಕಾರ್ರ ಮೊಬೈಲಿಗೆ ಸಂದೇಶ ಹೋಗಬೇಕು, ಅಷ್ಟಾದರೆ ಒಂದೇ ಒಂದು ಚೀಟಿಗೆ ತೆರೆಯಬೇಕು.

ಎಲ್ಲಿ ಬರೆಯುವುದು, ಮತ್ತು ನಾನು ಎಡವಿದ ಜಾಗ

ನಿಯಮಗಳಿಗೆಂದೇ ಓಪಾ, ಸೀಡರ್, ಕ್ಯಾಸ್ಬಿನ್ ಅಂತ ಬೇರೆ ಸಾಧನಗಳಿವೆ. ಹತ್ತಾರು ಸರ್ವಿಸ್ ಇದ್ದವರಿಗೆ ಸರಿ. ಒಂದೇ ಡೇಟಾಬೇಸ್ ಇದ್ದ ನನಗೆ ಪೋಸ್ಟ್‌ಗ್ರೆಸ್‌ನ ಸಾಲು ಮಟ್ಟದ ಭದ್ರತೆ ಸಾಕಾಯಿತು, ಅದು 9.5ನೇ ಆವೃತ್ತಿಯಿಂದಲೂ ಇದೆ. ಹಾಜರಿಗೆ ಹೋಗುವ ಮೊದಲು ಬರೆದದ್ದು ಹೀಗಿತ್ತು:

```sql
ALTER TABLE weigh_slip ENABLE ROW LEVEL SECURITY;
ALTER TABLE weigh_slip FORCE ROW LEVEL SECURITY;

CREATE POLICY same_branch ON weigh_slip
  USING (branch = current_setting('app.branch', true));

CREATE POLICY day_only ON weigh_slip
  AS RESTRICTIVE FOR UPDATE
  USING ((now() AT TIME ZONE 'Asia/Kolkata')::time >= '08:00'
     AND (now() AT TIME ZONE 'Asia/Kolkata')::time <  '20:00');
```

ಇದರಲ್ಲಿ `AS RESTRICTIVE` ಅನ್ನೋ ಎರಡು ಪದ ಮೊದಲ ಸಲ ನಾನು ಬರೆದಿರಲಿಲ್ಲ. ಪೋಸ್ಟ್‌ಗ್ರೆಸ್‌ನಲ್ಲಿ ಸುಮ್ನೆ ಎರಡು ಪಾಲಿಸಿ ಬರೆದರೆ ಅವುಗಳ ನಡುವೆ "ಅಥವಾ" ಬರುತ್ತದೆ, "ಮತ್ತು" ಅಲ್ಲ. ಅಂದರೆ ಅದೇ ಶಾಖೆಯವನಾದರೂ ಸಾಕು, ಹಗಲಾದರೂ ಸಾಕು! ಬಿಗಿ ಮಾಡೋಕೆ ಹಾಕಿದ ನಿಯಮ ತಿದ್ದುಪಡಿಯನ್ನು ಎರಡೂ ಕಡೆ ಸಡಿಲ ಮಾಡುತ್ತದೆ: ಸ್ವಂತ ಶಾಖೆಯ ಚೀಟಿಗೆ ರಾತ್ರಿಯ ತಡೆಯೇ ಇಲ್ಲ, ಹಗಲಿನಲ್ಲಿ ಶಾಖೆಯ ತಡೆ ಇರಬೇಕಾದಷ್ಟು ಗಟ್ಟಿ ಇಲ್ಲ. ಎರಡೂ ಪಾಸ್ ಆಗಲೇಬೇಕು ಅಂದರೆ ಎರಡನೆಯದನ್ನು ರಿಸ್ಟ್ರಿಕ್ಟಿವ್ ಅಂತ ಹೇಳಬೇಕು, ಇದು 10ನೇ ಆವೃತ್ತಿಯಿಂದ ಬಂತು. ಇನ್ನು `FORCE` ಸಾಲು ಯಾಕೆ ಅಂದರೆ, ಟೇಬಲ್‌ನ ಮಾಲೀಕನಿಗೆ ಈ ಪಾಲಿಸಿಗಳು ತಾವಾಗಿ ಅನ್ವಯಿಸುವುದಿಲ್ಲ. ನಿಮ್ಮ ಆ್ಯಪ್ ಅದೇ ಮಾಲೀಕನ ಹೆಸರಲ್ಲಿ ಕನೆಕ್ಟ್ ಆಗುತ್ತಿದ್ದರೆ ನಿಯಮ ಬರೆದೂ ಬರೆಯದ ಹಾಗೆ. ಸೂಪರ್‌ಯೂಸರ್ ಆಗಿ ಕನೆಕ್ಟ್ ಆದರೆ `FORCE` ಕೂಡ ಕೆಲಸಕ್ಕೆ ಬರುವುದಿಲ್ಲ.

ಆಮೇಲೆ ಒಂದು ಸಂಜೆ ಫೋನ್ ಬಂತು. "ಸರ, ಸೇವ್ ಆಗ್ಯದ ಅಂತ ತೋರಿಸ್ತದ, ಆದ್ರ ಚೀಟ್ಯಾಗ ಹಳೇದೇ ಅದ." ರಾತ್ರಿ ಎಂಟು ದಾಟಿತ್ತು. ನಿಯಮ ತನ್ನ ಕೆಲಸ ಮಾಡಿತ್ತು, ಆದರೆ ಪೋಸ್ಟ್‌ಗ್ರೆಸ್ ತಪ್ಪು ಅಂತ ಕೂಗಲಿಲ್ಲ. ತಿದ್ದಲು ಅನುಮತಿ ಇಲ್ಲದ ಸಾಲು ಅದರ ಲೆಕ್ಕದಲ್ಲಿ ಇಲ್ಲವೇ ಇಲ್ಲ, ಹಾಗಾಗಿ ಸದ್ದಿಲ್ಲದೆ `UPDATE 0` ಅಂತ ಉತ್ತರ ಕೊಟ್ಟಿತು. ನನ್ನ ಕೋಡ್ ತಪ್ಪು ಬಂದಿಲ್ಲ ಅಂತ ನೋಡಿ ಹಸಿರು ಟಿಕ್ ತೋರಿಸಿತು. ಎಷ್ಟು ಸಾಲು ಬದಲಾಯಿತು ಅಂತ ನೋಡಿ, ಸೊನ್ನೆ ಇದ್ದರೆ "ಈ ಹೊತ್ತಿನಲ್ಲಿ ತಿದ್ದುವಂತಿಲ್ಲ" ಅಂತ ಕನ್ನಡದಲ್ಲಿ ಬರೆದು ತೋರಿಸಿದ ಮೇಲೆ ಆ ಫೋನ್ ನಿಂತಿತು.

ಹಾಗಾದರೆ ರೋಲ್ ಯಾವಾಗ ಸಾಕು

ಒಂದೇ ಜಾಗ, ಹದಿನೈದು ಇಪ್ಪತ್ತು ಜನ, ಎಲ್ಲರೂ ಎಲ್ಲ ಚೀಟಿ ನೋಡಬಹುದು ಅನ್ನೋ ಹಾಗಿದ್ದರೆ ರೋಲೇ ಸಾಕು, ಮುಂದೆ ಓದುವುದೂ ಬೇಡ. ಇನ್ನೊಂದು ಸಂದರ್ಭ ಲೆಕ್ಕ ತಪಾಸಣೆ. "ರೇಟ್ ಬದಲಿಸುವ ಅಧಿಕಾರ ಯಾರ್ಯಾರಿಗಿದೆ?" ಅಂತ ಆಡಿಟರ್ ಕೇಳಿದರೆ ರೋಲಿನಲ್ಲಿ ಒಂದು ಪಟ್ಟಿ ತೆಗೆದು ಕೊಟ್ಟರೆ ಮುಗಿಯಿತು. ಆಟ್ರಿಬ್ಯೂಟ್‌ನಲ್ಲಿ ಉತ್ತರ "ಅದು ಯಾವ ಶಾಖೆ, ಯಾವ ಹೊತ್ತು ಅನ್ನೋದರ ಮೇಲಿದೆ" ಅಂತ ಆಗುತ್ತದೆ, ಆ ಉತ್ತರ ಕೇಳಿ ಖುಷಿಪಟ್ಟ ಆಡಿಟರ್ ನನಗಂತೂ ಸಿಕ್ಕಿಲ್ಲ. ಅದಕ್ಕೇ ರೇಟ್ ಬದಲಿಸುವುದು, ಹಣ ಪಾವತಿ ಒಪ್ಪುವುದು ಇವೆರಡನ್ನು ನಾನು ಬರೀ ರೋಲಿನಲ್ಲೇ ಬಿಟ್ಟಿದ್ದೇನೆ. ಒಟ್ಟು ಮೂರು ಜನಕ್ಕೆ ಇದೆ, ಹೆಸರು ಬಾಯಲ್ಲೇ ಹೇಳಬಹುದು.

ಇರುವ ವ್ಯವಸ್ಥೆಯಿಂದ ದಾಟುವುದಾದರೆ ಒಂದೇ ದಿನ ಬದಲಿಸಬೇಡಿ. ಹಳೆಯ ರೋಲ್‌ಗಳೇ ತೀರ್ಮಾನ ಮಾಡಲಿ, ಹೊಸ ನಿಯಮ ಪಕ್ಕದಲ್ಲಿ ನಿಂತು ತಾನಾಗಿದ್ದರೆ ಏನು ಹೇಳುತ್ತಿದ್ದೆ ಅಂತ ಬರೀ ಬರೆದಿಡಲಿ. ನಾನು ಎರಡು ವಾರ ಹಾಗೆ ನಡೆಸಿ, ದಿನಾ ಸಂಜೆ ಎರಡರ ಉತ್ತರ ಬೇರೆ ಬಂದ ಸಾಲುಗಳನ್ನು ಮಾತ್ರ ನೋಡಿದೆ. ಮೊದಲ ದಿನ ಪುಟಗಟ್ಟಲೆ ಇತ್ತು, ಹೆಚ್ಚಿನವು ಗುಲ್ಬರ್ಗ ಕಲಬುರಗಿ ಜಗಳ. ಮೂರನೆಯ ದಿನ ಆ ಸೂಪರ್‌ವೈಸರ್ ಅವರ ಯಾದಗಿರಿ ದಿನ ಸಿಕ್ಕಿತು. ಎರಡನೆಯ ವಾರ ಉಳಿದದ್ದು ಒಂದೇ ಸಾಲು, ಅದೂ ದಿನಾ ರಾತ್ರಿ ಹತ್ತರ ಸುಮಾರಿಗೆ: ಹಳೆಯ ರೋಲ್ ಹೌದು ಅನ್ನುತ್ತಿತ್ತು, ಹೊಸ ನಿಯಮ ಇಲ್ಲ ಅನ್ನುತ್ತಿತ್ತು. ಕಾಟಾದ ಲಾಗಿನ್‌ನಿಂದ ಯಾರೋ ಆಳಂದದ ಚೀಟಿ ತೆಗೆದು ನೋಡುತ್ತಿದ್ದರು. ವಿಚಾರಿಸಿದರೆ ಸಾವ್ಕಾರ್ರೇ. ಅವರ ಪಾಸ್‌ವರ್ಡ್ ಮರೆತುಹೋಗಿ ಆರು ತಿಂಗಳಾಗಿತ್ತಂತೆ, ಹುಡುಗನ ಲಾಗಿನ್‌ನಲ್ಲೇ ದಿನದ ಆವಕ ನೋಡಿ ಮಲಗುತ್ತಿದ್ದರು.